‘ಅತ್ತೆ ಬಂತು’ ಅಂದುಬಿಟ್ಟೆ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಪೇಚಾಟ ಬರೆದುಕೊಂಡಿದ್ದರು. ವಯಸ್ಸು 43. ತವರಿನ ಮಾತು ಬೇರೆ, ಸೇರಿದ ಮನೆಯ ಮಾತು ಕನ್ನಡ. ಮೂರು ವರ್ಷದಿಂದ ಕಲಿಯುತ್ತಿದ್ದಾರೆ. ಓದುತ್ತಾರೆ, ಬರೆಯುತ್ತಾರೆ, ಕ್ರಿಯಾಪದದ ಪಟ್ಟಿ ಬಾಯಿಪಾಠ ಬರುತ್ತದೆ. ಮಾತಿಗೆ ನಿಂತರೆ ಮಾತ್ರ ‘ನಾನು ಬರುತ್ತೆ’, ‘ಅವರು ಹೋಯ್ತು’. ಮನೆ ತುಂಬ ನೆಂಟರಿದ್ದ ದಿನ ‘ಅತ್ತೆ ಬಂತು, ಮಾವ ಇನ್ನೂ ಬಂದಿಲ್ಲ’ ಅಂದರು. ಎಲ್ಲರೂ ನಕ್ಕರು. ಅವತ್ತಿನಿಂದ ಮನೆಯಲ್ಲಿ ಕನ್ನಡ ಬಿಟ್ಟಿದ್ದಾರೆ. ‘ನಿಯಮ ಗೊತ್ತಿದ್ದೂ ಅದೇ ತಪ್ಪು ಮಾಡುತ್ತೇನೆ. ಧೈರ್ಯ ಎಲ್ಲಿಂದ ಬರಬೇಕು?’ ಎಂದು ಕೇಳಿದ್ದರು. ಮಗಳಿಂದ ತಿದ್ದಿಸಿದ ಪತ್ರದ ಜೊತೆ ಮೂಲವನ್ನೂ ಕಳಿಸಿದ್ದರು. ಮಗಳ ಕೆಂಪು ಶಾಯಿ ನಾಲ್ಕೇ ಕಡೆ ಇತ್ತು.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ನಕ್ಕವರು ತಮಗೆ ಬಾರದ ಭಾಷೆಯಲ್ಲಿ ಅರ್ಧ ಗಂಟೆ ಮಾತಾಡಲಿ. ಆಮೇಲೆ ನಗಲಿ.

– ನಿವೃತ್ತ ಶಿಕ್ಷಕ

*

ಮೂರು ವರ್ಷ ಅಂದರೆ ಕಡಿಮೆಯಲ್ಲ. ನಾಚಿಕೊಂಡು ಕೂತರೆ ಭಾಷೆ ಬರುವುದಿಲ್ಲ. ಪಟ್ಟಿ ತೆಗೆದು ದಿನಕ್ಕೆ ನೂರು ಸಲ ಹೇಳಿ. ಧೈರ್ಯದ ಪ್ರಶ್ನೆ ಆಮೇಲೆ.

– ಖಡಕ್ಕಾಗಿ ಹೇಳುವವನು

*

ಪಟ್ಟಿ ಉರು ಹೊಡೆಯುವ ಸಲಹೆಯನ್ನು ಇನ್ನೂ ಆರು ಜನ ಕೊಟ್ಟಿದ್ದಾರೆ. ಪಟ್ಟಿ ಅವರಿಗೆ ಬರುತ್ತದೆ ಎಂಬುದನ್ನು ನೆನಪಿಸಿ ಮುಂದಕ್ಕೆ ಹೋಗುತ್ತೇವೆ. ಕೆಳಗಿನ ಪತ್ರ ಉದ್ದವಾಗಿದೆ. ಕತ್ತರಿಸಲು ಕುಳಿತು, ಕತ್ತರಿಸದೆ ಎದ್ದೆವು.

*

ನಮಸ್ಕಾರ. ದೊಡ್ಡವರಿಗೆ ಕನ್ನಡ ಕಲಿಸುವುದು ನನ್ನ ಕೆಲಸ. 19 ವರ್ಷವಾಯಿತು. ನಿಮ್ಮ ಪತ್ರ ಓದಿ ಪತ್ರಿಕೆ ಮಡಚಿಟ್ಟೆ. ರಾತ್ರಿ ಮತ್ತೆ ತೆಗೆದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ವಾಕ್ಯ. ‘ಅತ್ತೆ ಬಂತು, ಮಾವ ಇನ್ನೂ ಬಂದಿಲ್ಲ.’ ಇದರಲ್ಲಿ ಅರ್ಧ ತಪ್ಪು, ಅರ್ಧ ಸರಿ ಅಲ್ವಾ? ಆ ಅರ್ಧ ಯಾಕೆ ಸರಿಯಾಯಿತು ಅಂತ ಯಾರೂ ಕೇಳಲಿಲ್ಲ. ‘ಬಂದಿಲ್ಲ’ಕ್ಕೆ ಬಾಲವಿಲ್ಲ. ನಾನು ಬಂದಿಲ್ಲ, ಮಾವ ಬಂದಿಲ್ಲ, ಮಳೆ ಬಂದಿಲ್ಲ. ಯಾರೇ ಆದರೂ ಅದೇ ಪದ. ‘ಬರಬೇಕು’, ‘ಬರಬಹುದು’ ಕೂಡ ಹಾಗೇ. ನೀವು ಎಡವುವುದು ಬಾಲ ಬದಲಾಗುವ ಕಡೆ ಮಾತ್ರ: ಬಂದೆ, ಬಂದ, ಬಂದಳು, ಬಂದರು, ಬಂತು. ಅಂದರೆ ನಿಮ್ಮ ಪತ್ರದಲ್ಲಿ ಕಾಣುವ ತಪ್ಪು ಒಂದೇ. ಅದು ವಾಕ್ಯ ವಾಕ್ಯದ ಕೊನೆಗೂ ಎದುರಾಗುವ ಜಾಗದಲ್ಲಿದೆ, ಅದಕ್ಕೇ ನೂರು ತಪ್ಪು ಅನ್ನಿಸುತ್ತದೆ.

ಬರೆಯುವಾಗ ಆಗದ ತಪ್ಪು ಮಾತಿನಲ್ಲಿ ಯಾಕೆ ಆಗುತ್ತದೆ? ಬರೆಯುವಾಗ ಹಿಂದೆ ತಿರುಗಿ ನೋಡಲು ಹೊತ್ತಿರುತ್ತದೆ. ಮಾತಿನಲ್ಲಿ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ನಿಮ್ಮ ಗಮನವೆಲ್ಲ ಹೇಳಬೇಕಾದ ವಿಷಯಕ್ಕೆ ಖರ್ಚಾಗಿರುತ್ತದೆ. ಆಗ ಸಿಕ್ಕಿದ ಬಾಲ ಅಂಟಿಸುತ್ತೀರಿ. ಸಿಗುವುದು ಯಾವುದು? ದಿನವಿಡೀ ಕಿವಿಗೆ ಬೀಳುವುದು: ಆಗುತ್ತೆ, ಇರುತ್ತೆ, ಗೊತ್ತಾಗುತ್ತೆ, ಆಯ್ತು, ಬಂತು. ನನ್ನ ಹತ್ತಿರ ಬಂದವರಲ್ಲಿ ಬಹಳ ಜನ ಎಡವುವುದು ಇದೇ ಕಡೆಗೆ.

ಇನ್ನೊಂದು ಕಾರಣ ಇದೆ. ‘ಅತ್ತೆ’ ಅಂತ ಮೊದಲೇ ಹೇಳಿಯಾಗಿದೆ. ಯಾರು ಬಂದದ್ದು ಅಂತ ಕೇಳುವವರಿಗೆ ತಿಳಿಯಿತು. ಬಾಲ ಅದನ್ನೇ ಇನ್ನೊಂದು ಸಲ ಹೇಳುತ್ತದೆ, ಅಷ್ಟೆ. ಇಲ್ಲದಿದ್ದರೂ ಕೆಲಸ ನಡೆಯುತ್ತದೆ ಅಂತಾದರೆ ತಲೆ ಅದರ ಗೋಜಿಗೇ ಹೋಗುವುದಿಲ್ಲ.

ಹಾಗಾದರೆ ‘ಯಾರು’ ಅನ್ನುವುದನ್ನು ಸ್ವಲ್ಪ ದಿನ ಬಾಯಿಂದ ತೆಗೆದುಬಿಡಿ. ಕನ್ನಡದಲ್ಲಿ ಅದಕ್ಕೆ ಅಡ್ಡಿಯಿಲ್ಲ. ‘ಅತ್ತೆ ಬಂದ್ರಾ?’ ‘ಬಂದ್ರು.’ ‘ಬಾಗಿಲು ಹಾಕಿದ್ಯಾ?’ ‘ಹಾಕಿದೆ.’ ‘ಮಳೆ ಬಂತಾ?’ ‘ಬಂತು.’ ಇಲ್ಲಿ ಉತ್ತರವೆಲ್ಲ ಬಾಲದಲ್ಲೇ ಇದೆ, ಅದನ್ನು ಬಿಟ್ಟು ಮಾತೇ ಇಲ್ಲ. ದಿನಕ್ಕೆ ಹತ್ತು ನಿಮಿಷ ಮಗಳು ಕೇಳಲಿ, ನೀವು ಒಂದೇ ಪದದಲ್ಲಿ ಉತ್ತರಿಸಿ. ಒಮ್ಮೆ ನಿಮ್ಮ ಬಗ್ಗೆ, ಒಮ್ಮೆ ಅತ್ತೆಯ ಬಗ್ಗೆ, ಒಮ್ಮೆ ಮಳೆಯ ಬಗ್ಗೆ, ಕಲೆಸಿ ಕೇಳಬೇಕು. ಒಂದೇ ಥರದ ಹತ್ತು ಪ್ರಶ್ನೆ ಒಟ್ಟಿಗೆ ಕೇಳಿದರೆ ಗಿಳಿಪಾಠವಾಗುತ್ತದೆ. ಎರಡು ವಾರದ ಮೇಲೆ ಮುಂದೆ ಒಂದು ಪದ ಸೇರಿಸಿ: ‘ಈಗ ಬಂದ್ರು.’ ಆಮೇಲೆ ಇನ್ನೊಂದು: ‘ಈಗ ತಾನೇ ಒಳಗೆ ಬಂದ್ರು.’ ‘ಅತ್ತೆ’ ಅನ್ನುವುದು ಕಡೆಗೆ ಸೇರಲಿ.

ಪಟ್ಟಿಯನ್ನೂ ಚಿಕ್ಕದು ಮಾಡಿ. ನಿಮಗೆ ‘ಬಂದೆ’. ಮನುಷ್ಯರಿಗೆಲ್ಲ ‘ಬಂದರು’. ಮಿಕ್ಕಿದ್ದಕ್ಕೆ ‘ಬಂತು’. ಎದುರಿಗಿರುವವರಿಗೆ ‘ಬಂದಿರಿ’ ಬೇಕು, ಆದರೆ ಅವರನ್ನು ಕೇಳುವುದೇ ಜಾಸ್ತಿ, ಅದಕ್ಕೆ ‘ಬಂದ್ರಾ?’ ಸಾಕು. ‘ಬಂದ’, ‘ಬಂದಳು’ ಆರು ತಿಂಗಳು ಕಪಾಟಿನಲ್ಲಿರಲಿ. ಪುಟ್ಟ ಹುಡುಗನಿಗೆ ‘ಬಂದ್ರು’ ಅಂದರೆ ತಮಾಷೆಯಾಗಿ ಕೇಳಿಸಬಹುದು, ಯಾರಿಗೂ ನೋವಾಗುವುದಿಲ್ಲ. ಅತ್ತೆಗೆ ‘ಬಂದಳು’ ಅಂದು ನೋಡಿ! ವ್ಯಾಕರಣ ಸರಿಯಿರುತ್ತದೆ, ಮನೆ ಸರಿಯಿರುವುದಿಲ್ಲ.

ಈಗ ಪತ್ರಿಕೆ ಮಡಚಿಟ್ಟದ್ದು ಯಾಕೆ ಅಂತ. ಹತ್ತು ವರ್ಷದ ಹಿಂದೆ 52 ವರ್ಷದವರೊಬ್ಬರು ನನ್ನ ಹತ್ತಿರ ಕಲಿಯಲು ಬರುತ್ತಿದ್ದರು. ನೀವು ಮಾಡುವ ತಪ್ಪನ್ನೇ ಅವರೂ ಮಾಡುತ್ತಿದ್ದರು. ನಾನು ಪ್ರತಿ ಬಾಲವನ್ನೂ ತಿದ್ದುತ್ತಿದ್ದೆ. ಒಂದು ದಿನ ಅವರು ತಮ್ಮ ತಂದೆಯ ಕೊನೆಯ ದಿನಗಳ ಬಗ್ಗೆ ಹೇಳುತ್ತಿದ್ದರು. ‘ಅಪ್ಪ ಮಾತಾಡಿತು’ ಅಂದರು. ‘ಮಾತಾಡಿದರು’ ಅಂದೆ. ಸುಮ್ಮನಾದರು. ಆಮೇಲೆ ನಿಧಾನವಾಗಿ, ‘ನಾನು ಮಾತಾಡುವಾಗ ನೀವು ನನ್ನ ಬಾಯಿ ನೋಡುತ್ತೀರಿ, ಮುಖ ನೋಡುವುದಿಲ್ಲ’ ಅಂದರು. ಆ ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ಮುಂದಿನ ವಾರ ಅವರು ಬರಲಿಲ್ಲ. ಆಮೇಲೂ ಬರಲಿಲ್ಲ.

ಅದಾದ ಮೇಲೆ ಬಂದವರು 47ರ ಒಬ್ಬ ಹೆಂಗಸು. ಈ ಸಲ ನಾನು ತಿದ್ದಲಿಲ್ಲ. ಐದು ನಿಮಿಷ ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೇಳುವ ಮುಂಚೆ, ‘ಎಷ್ಟು ಬಾಲ ತಪ್ಪಿರಬಹುದು?’ ಅಂತ ಕೇಳಿದೆ. ‘ನಲವತ್ತರಲ್ಲಿ ಮೂವತ್ತು’ ಅಂದರು. ಇಬ್ಬರೂ ಕೂತು ಎಣಿಸಿದೆವು. ನಲವತ್ತರಲ್ಲಿ 14. ಅದರಲ್ಲಿ 11 ‘ಬಂತು’, ‘ಬರುತ್ತೆ’ ಜಾತಿಯದು. ಆರು ವಾರದ ಮೇಲೆ ಮತ್ತೆ ಎಣಿಸಿದೆವು. 13! ಅವರ ಕಣ್ಣು ತುಂಬಿತು. ಆದರೆ ಆ ಹದಿಮೂರರಲ್ಲಿ ಆರು ಕಡೆ ‘ಬಂತು... ಅಲ್ಲ, ಬಂದ್ರು’ ಅಂತ ತಾವೇ ಸರಿಮಾಡಿಕೊಂಡಿದ್ದರು. ಮೊದಲ ಸಲ ಅಂಥದ್ದು ಒಂದೂ ಇರಲಿಲ್ಲ. ನಾನು ನೋಡುವುದು ಆ ಲೆಕ್ಕವನ್ನೇ. ಮೊದಲು ಅಂದ ಮೇಲೆ ಗೊತ್ತಾಗುತ್ತದೆ, ಆಮೇಲೆ ಅನ್ನುತ್ತಿರುವಾಗ, ಕೊನೆಗೆ ಅನ್ನುವ ಮುಂಚೆ. ತಪ್ಪಿನ ಸಂಖ್ಯೆ ಇಳಿಯುವುದು ಎಲ್ಲಕ್ಕಿಂತ ತಡ. 14ನೇ ವಾರಕ್ಕೆ 5 ಇತ್ತು. ಪೂರ್ತಿ ಹೋಗಲಿಲ್ಲ. ದಣಿದಾಗ, ಸಿಟ್ಟು ಬಂದಾಗ, ಕತೆ ರಂಗೇರಿದಾಗ ಈಗಲೂ ‘ಬಂತು’ ಬರುತ್ತದೆ. ಅಂಥ ಹೊತ್ತಿನಲ್ಲಿ ‘ಬಂದಿಲ್ಲ’, ‘ಬರಬಹುದು’ಗಳ ನೆರಳಿಗೆ ಹೋಗಿ ನಿಲ್ಲುವುದನ್ನೂ ಅವರು ಕಲಿತಿದ್ದಾರೆ.

ಮನೆಯವರಿಗೂ ಒಂದು ಮಾತು. ನೀವು ‘ಅತ್ತೆ ಬಂತು’ ಅಂದಾಗ ಒಳ್ಳೆಯ ಮನಸ್ಸಿನವರು ‘ಓ, ಬಂದ್ರಾ?’ ಅನ್ನುತ್ತಾರೆ. ತಿದ್ದಿದೆವು ಅಂದುಕೊಳ್ಳುತ್ತಾರೆ. ನಿಮಗೆ ಅದು ಬರೀ ಉತ್ತರ. ಲಿಸ್ಟರ್ ಮತ್ತು ರಾಂಟಾ ಎಂಬ ಇಬ್ಬರು ಕೆನಡಾದಲ್ಲಿ ಫ್ರೆಂಚ್ ಕಲಿಯುವ ಮಕ್ಕಳ ತರಗತಿಗಳನ್ನು ಗಮನಿಸಿ 1997ರಲ್ಲಿ ಇದನ್ನೇ ಬರೆದರು. ಶಿಕ್ಷಕರು ಜಾಸ್ತಿ ಬಳಸಿದ್ದು ಈ ಮೆತ್ತಗಿನ ತಿದ್ದುವಿಕೆ, ಮಕ್ಕಳು ತಮ್ಮ ತಪ್ಪು ಸರಿಮಾಡಿಕೊಂಡದ್ದು ಅದರಿಂದಲೇ ಕಡಿಮೆ. ಹಾಗಾಗಿ ಮಗಳು ಆ ಹತ್ತು ನಿಮಿಷದಲ್ಲಿ ಮಾತ್ರ, ತಪ್ಪಿದ ಕಡೆ ಬೆರಳೆತ್ತಿ ಸುಮ್ಮನಿರಲಿ. ಸರಿಯಾದ ಪದ ನಿಮ್ಮ ಬಾಯಿಂದಲೇ ಬರಲಿ. ಉಳಿದ ಹೊತ್ತಿನಲ್ಲಿ ಯಾರೂ ತಿದ್ದುವುದು ಬೇಡ, ಮಗಳೂ ಸೇರಿ.

ಇವತ್ತೇ ಐದು ನಿಮಿಷ ರೆಕಾರ್ಡ್ ಮಾಡಿ. ಕೇಳುವ ಮುಂಚೆ ನಿಮ್ಮ ಅಂದಾಜನ್ನು ಚೀಟಿಯಲ್ಲಿ ಬರೆದಿಡಿ.

– ಒಬ್ಬ ಟೀಚರ್

*

ಇದಾದ ಮೇಲೆ ಉಚ್ಚಾರಣೆಯ ಬಗ್ಗೆ ಬಂದ ಪತ್ರಗಳನ್ನೂ ಬಿಡುವಂತಿಲ್ಲ. ಕೇಳಿದ್ದು ಅದಲ್ಲ, ಆದರೂ.

*

ಬಾಲ ಬಿಡಿ, ಮೊದಲು ‘ಳ’ ಸರಿಮಾಡಿಕೊಳ್ಳಿ. ‘ಹೇಳಿ’ ಅನ್ನುವುದಕ್ಕೆ ‘ಹೇಲಿ’ ಅಂದರೆ ಆಗುವ ಅನಾಹುತದ ಮುಂದೆ ‘ಅತ್ತೆ ಬಂತು’ ಯಾವ ಲೆಕ್ಕ? ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಬೇಕು.

– ಅನುಭವಸ್ಥ

*

‘ಅತ್ತೆ ಬಂತು’ ತಪ್ಪು ಅಂತ ಹೇಳಿದವರು ಯಾರು? ನಮ್ಮ ಹವ್ಯಕ ಕನ್ನಡದಲ್ಲಿ ಹೆಂಗಸರನ್ನು ‘ಅದು’ ಅಂತಲೇ ಹೇಳುವುದು. ಮರ್ಯಾದೆ ಕಡಿಮೆಯಾಗಿಲ್ಲ. ನಕ್ಕವರಿಗೆ ಇದನ್ನು ತಿಳಿಸಿ.

– ಮನೆಯಲ್ಲಿ ಹೀಗೇ ಮಾತಾಡುವವಳು

*

ನನ್ನ ಅಮ್ಮನೂ ಮದುವೆಯಾದ ಮೇಲೆ ಕನ್ನಡ ಕಲಿತವಳು. ಶಾಲೆಗೆ ಬಂದಾಗ ಮೇಷ್ಟ್ರ ಮುಂದೆ ‘ಮಗ ಓದುತ್ತೆ’ ಅಂದಳು. ನನಗೆ ಹನ್ನೊಂದು ವರ್ಷ. ಮನೆಗೆ ಬಂದು, ‘ಇನ್ನು ಮೇಲೆ ನೀನು ಬರಬೇಡ, ಅಪ್ಪ ಬರಲಿ’ ಅಂದೆ. ಅವಳು ಬರಲಿಲ್ಲ. ಕಾಲೇಜಿನ ಬಹುಮಾನದ ದಿನವೂ ಬರಲಿಲ್ಲ. ನಾನೇ ಕರೆದೆ, ‘ಬೇಡ ಬಿಡು’ ಅಂದಳು. ಆ ತಾಯಿಗೆ ಏನು ಹೇಳಬೇಕು ಅಂತ ನನಗೆ ಗೊತ್ತಿಲ್ಲ. ಅವರ ಮಗಳಿಗೆ ಹೇಳುತ್ತೇನೆ: ಕೆಂಪು ಪೆನ್ನು ಹಿಡಿದು ಪಕ್ಕದಲ್ಲಿ ಕೂತಿದ್ದೀಯಲ್ಲ, ಒಳ್ಳೆಯದು ಮಾಡಿದೆ ಕಂದಾ.

– ಹೆಸರು ಬೇಡ

*

ಕೊನೆಯದು, ಅಂಚೆ ಕಾರ್ಡಿನಲ್ಲಿ ಬಂದದ್ದು.

*

ನನಗೂ ಅಂಥ ಸೊಸೆ ಇದ್ದಾಳೆ. ‘ಅತ್ತೆ ಬಂತು’ ಅಂದರೆ ‘ಹೂಂ, ಬಂತು’ ಅಂದುಕೊಂಡೇ ಒಳಗೆ ಹೋಗುತ್ತೇನೆ.

– ಒಬ್ಬ ಅತ್ತೆ