ಪದ ಬೇಕು: 'ಬೆಂಜೈಲಿಕ್ ಹೈಡ್ರೋಜನ್' (ಸೋಮವಾರ ಪ್ರಿಂಟಿಗೆ ಹೋಗಬೇಕು)

ಪಿಯು ಮೇಡಂ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ನೋಟ್ಸ್ ಮಾಡುತ್ತಿದ್ದೇನೆ. ಒಂದು ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

"ಆಲ್ಕೈಲ್ ಬೆಂಜೀನ್‌ಗಳನ್ನು ಕ್ಷಾರೀಯ KMnO4 ಜೊತೆ ಕುದಿಸಿದರೆ ಪಾರ್ಶ್ವ ಸರಪಳಿಯು ಉತ್ಕರ್ಷಣಗೊಂಡು ಬೆಂಜೋಯಿಕ್ ಆಮ್ಲ ಸಿಗುತ್ತದೆ. ಇದಕ್ಕೆ ಉಂಗುರದ ಪಕ್ಕದ ಹೈಡ್ರೋಜನ್ ಇರಲೇಬೇಕು."

ಹೋದ ವಾರ ಇದನ್ನು ಕ್ಲಾಸಿನಲ್ಲಿ ಓದಿಸಿದೆ. ಟರ್ಷಿಯರಿ ಬ್ಯೂಟೈಲ್ ಬೆಂಜೀನ್ ಮಾತ್ರ ಹೀಗೆ ಬದಲಾಗದು ಅಂತಲೂ ಹೇಳಿದೆ. ಒಬ್ಬ ಹುಡುಗ ಎದ್ದು, "ಟರ್ಷಿಯರಿ ಬ್ಯೂಟೈಲ್ ಬೆಂಜೀನ್‌ನ ಉಂಗುರದಲ್ಲಿ ಐದು ಹೈಡ್ರೋಜನ್ ಇವೆಯಲ್ಲ ಮಿಸ್, ಮತ್ಯಾಕೆ ಆಗಲ್ಲ?" ಅಂದ. ತಪ್ಪು ಅವನದಲ್ಲ, ನನ್ನ 'ಪಕ್ಕದ' ಅನ್ನುವ ಪದದ್ದು. 'ಬೆಂಜೈಲಿಕ್', ಅಂದರೆ ಉಂಗುರಕ್ಕೆ ಅಂಟಿದ ಕಾರ್ಬನ್ನಿನ ಮೇಲಿನದು, ಅನ್ನುವುದಕ್ಕೆ ಒಂದು ನೇರವಾದ ಪದ ಕೊಡ್ತೀರಾ? ಭಾನುವಾರ ರಾತ್ರಿಯೊಳಗೆ ಬೇಕು.

ಅಚ್ಚಗನ್ನಡಿಗ:

ಮೊದಲು ಉಳಿದ ಕಸ ಗುಡಿಸಿ. ಪಾರ್ಶ್ವ, ಉತ್ಕರ್ಷಣ, ಕ್ಷಾರೀಯ, ಆಮ್ಲ: ಒಂದೇ ವಾಕ್ಯದಲ್ಲಿ ನಾಲ್ಕು ಸಂಸ್ಕೃತ. ಇದು ಕನ್ನಡ ಮಾಧ್ಯಮದ ಮಕ್ಕಳಿಗಾ? ಪಾರ್ಶ್ವ ಸರಪಳಿ ಅಂದರೆ ಕವಲು. ಆಮ್ಲ ಅಂದರೆ ಹುಳಿ.

ಇನ್ನು ಬೆಂಜೈಲ್ ವಿಷಯ. ಅದರ ಬೇರು ಅರಬ್ಬಿಯ 'ಲುಬಾನ್ ಜಾವಿ', ಅಂದರೆ ಜಾವಾದ ಧೂಪ. ಯುರೋಪಿನವರು ಮುಂದಿನ 'ಲು'ವನ್ನು ಬೇರೆ ಪದವೆಂದು ತಿಳಿದು ಉದುರಿಸಿದರು. ಉಳಿದದ್ದು ಬೆಂಜೊಯಿನ್. ಆ ಅಂಟಿನಿಂದ ತೆಗೆದ ಹುಳಿ ಬೆಂಜೋಯಿಕ್. ಆ ಹುಳಿಯನ್ನು ಸುಣ್ಣದ ಜೊತೆ ಬಟ್ಟಿ ಇಳಿಸಿ ಮಿಟ್ಶೆರ್ಲಿಶ್ 1830ರ ದಶಕದಲ್ಲಿ ಪಡೆದದ್ದೇ ಬೆಂಜೀನ್. ನಮ್ಮಲ್ಲಿ ಅದೇ ಅಂಟಿಗೆ ಸಾಂಬ್ರಾಣಿ ಅನ್ನುತ್ತೇವೆ, ದರ್ಗಾದಲ್ಲಿ ಲೋಬಾನ ಅನ್ನುತ್ತಾರೆ. ಹಾಗಾಗಿ ಬೆಂಜೋಯಿಕ್ ಆಮ್ಲ = ಸಾಂಬ್ರಾಣಿ ಹುಳಿ. ನಿಮ್ಮದು 'ಸಾಂಬ್ರಾಣಿ ಹೈಡ್ರೋಜನ್'.

ಪ್ರೂಫ್ ನೋಡುವವ:

ಪರೀಕ್ಷೆಯಲ್ಲಿ 'ಸಾಂಬ್ರಾಣಿ ಹೈಡ್ರೋಜನ್' ಅಂತ ಬರೆದ ಮಗುವಿಗೆ ಮಾರ್ಕ್ಸ್ ನೀವು ಕೊಡ್ತೀರಾ? ಮುಂದೆ.

ಹಿತ್ತಲ ಬಾವಿ:

ನನಗೆ ಕೆಮಿಸ್ಟ್ರಿ ಗೊತ್ತಿಲ್ಲ, ಆದರೆ ಈ KMnO4 ಅಂದರೆ ಪೊಟ್ಯಾಸಿಯಂ ಪರ್ಮಾಂಗನೇಟ್, ನಮ್ಮನೆಯಲ್ಲಿ ಬಾವಿಗೆ ಹಾಕುತ್ತಿದ್ದ ನೇರಳೆ ಹರಳು ಅಲ್ವಾ? ರಾತ್ರಿ ಹಾಕಿದರೆ ಬೆಳಿಗ್ಗೆ ಗುಲಾಬಿ ಬಣ್ಣ ಹೋಗಿ ನೀರು ಕಂದು ತಿರುಗಿರುತ್ತಿತ್ತು. ಮತ್ತೆ ಸ್ವಲ್ಪ ಹಾಕುತ್ತಿದ್ದರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸರಪಳಿ ಆಕ್ಸಿಡೇಷನ್ ಆಗುವುದಕ್ಕೆ ಕನ್ನಡದಲ್ಲಿ ತುಕ್ಕು ಹಿಡಿಯುವುದು ಅನ್ನುತ್ತಾರೆ. ನಮ್ಮ ರಾಟೆಯ ಸರಪಳಿಗೂ ಹಿಡಿದಿತ್ತು.

ಹಳೇ ಲ್ಯಾಬಿನವರು:

ಹಿತ್ತಲ ಬಾವಿಯವರೇ, ಸರಪಳಿ ಕಬ್ಬಿಣದ್ದಲ್ಲ. ಆದರೆ ಬಾವಿಯ ಮಾತು ಸರಿಯಾಗಿದೆ. ಆ ಕಂದು ಮ್ಯಾಂಗನೀಸ್ ಡಯಾಕ್ಸೈಡ್. ನೇರಳೆ ಹೋಗಿ ಕಂದು ಬಂತು ಅಂದರೆ ಪರ್ಮಾಂಗನೇಟ್ ಏನನ್ನೋ ತಿಂದಿದೆ ಅಂತ. ಲ್ಯಾಬಿನಲ್ಲೂ ಗುರುತು ಅದೇ. ಮೇಡಂ ಅವರ ವಾಕ್ಯ ನಿಂತಿರುವುದೂ ಅದು ಏನನ್ನು ತಿನ್ನುತ್ತದೆ, ಎಲ್ಲಿಂದ ತಿನ್ನುತ್ತದೆ ಅನ್ನುವುದರ ಮೇಲೆ.

ಪದ ಹುಡುಕುವ ಮೊದಲು ವಸ್ತು ನೋಡಿ. ಟಾಲೀನ್‌ನಲ್ಲಿ ಉಂಗುರಕ್ಕೆ ಒಂದು ಕಾರ್ಬನ್ ಅಂಟಿದೆ. ಅದರ ಮೇಲೆ ಮೂರು ಹೈಡ್ರೋಜನ್. ಪರ್ಮಾಂಗನೇಟ್ ಮೊದಲು ಕೀಳುವುದು ಇದರಲ್ಲಿ ಒಂದನ್ನು. ಕಿತ್ತ ಮೇಲೆ ಆ ಕಾರ್ಬನ್ನಿನ ಕೊರತೆಯನ್ನು ಉಂಗುರ ಹಂಚಿಕೊಳ್ಳುತ್ತದೆ, ಆದ್ದರಿಂದ ಅದನ್ನು ಕೀಳುವುದು ಸುಲಭ. ಉಂಗುರದ ಮೇಲೇ ಕೂತ ಹೈಡ್ರೋಜನ್ ಕಿತ್ತರೆ ಹಾಗೆ ಹಂಚಿಕೆ ಆಗುವುದಿಲ್ಲ. ಬಂಧ ಮುರಿಯಲು ಬೇಕಾದ ಶಕ್ತಿ ಬುಡದ ಕಾರ್ಬನ್ನಿನಲ್ಲಿ ಒಂದು ಮೋಲ್‌ಗೆ ಸುಮಾರು 90 ಕಿಲೋಕ್ಯಾಲರಿ, ಉಂಗುರದಲ್ಲಿ ಸುಮಾರು 113. ಆ ಹುಡುಗನ ಪ್ರಶ್ನೆಗೆ ಉತ್ತರ ಇದು. ಅವನ ಐದು ಹೈಡ್ರೋಜನ್ ಇವೆ, ಆದರೆ ಅವು ಬಿಗಿಯಾಗಿವೆ.

ಹೈಡ್ರೋಜನ್ ಕೀಳುವುದೇ ನಿಧಾನದ ಹೆಜ್ಜೆ ಅನ್ನುವುದಕ್ಕೆ ಸಾಕ್ಷಿಯೂ ಇದೆ. ಆ ಜಾಗದಲ್ಲಿ ಹೈಡ್ರೋಜನ್ನಿನ ಭಾರದ ರೂಪವಾದ ಡ್ಯುಟೀರಿಯಂ ಇಟ್ಟರೆ ಕ್ರಿಯೆ ಗಮನಾರ್ಹವಾಗಿ ನಿಧಾನವಾಗುತ್ತದೆ.

ಪ್ರೂಫ್ ನೋಡುವವ:

ಬುಡದ ಕಾರ್ಬನ್! ಸುಮ್ನೆ ಬಾಯಿಂದ ಬಂದ ಮಾತು, ಆದರೆ ಅದೇ ಪದ. ಕವಲಿಗೆ ಬುಡ ಇರುತ್ತದೆ.

ಕೋಚಿಂಗ್ ಹುಡುಗ:

ಇಷ್ಟು ತಲೆಕೆಡಿಸಿಕೊಳ್ಳೋದು ಬೇಡ ಮೇಡಂ. ಟರ್ಷಿಯರಿ ಬ್ಯೂಟೈಲ್‌ನಲ್ಲಿ ಮೂರು ಮೀಥೈಲ್ ಸುತ್ತ ನಿಂತಿವೆ, ಜಾಗ ಇಲ್ಲ, ಪರ್ಮಾಂಗನೇಟ್ ಒಳಗೆ ಬರಲ್ಲ. 'ಇಕ್ಕಟ್ಟಿನಿಂದ ಆಗದು' ಅಂತ ಬರೀರಿ. ನಾವು ಮಕ್ಕಳಿಗೆ ಹೀಗೇ ಹೇಳೋದು.

ಹಳೇ ಲ್ಯಾಬಿನವರು:

ಇಕ್ಕಟ್ಟು ಇದೆ, ಒಪ್ಪಿದೆ. ಕಾರಣ ಅದಲ್ಲ. ಐಸೊಪ್ರೊಪೈಲ್ ಬೆಂಜೀನ್ ತೆಗೆದುಕೊಳ್ಳಿ. ಅಲ್ಲೂ ಎರಡು ಮೀಥೈಲ್ ಕಾವಲಿವೆ. ಆದರೂ ಬುಡದಲ್ಲಿ ಒಂದೇ ಒಂದು ಹೈಡ್ರೋಜನ್ ಇದೆ. ಅದು ಕ್ರಿಯೆಗೆ ಒಳಗಾಗುತ್ತದೆ, ಬೆಂಜೋಯಿಕ್ ಆಮ್ಲವೂ ಬರುತ್ತದೆ. ಟರ್ಷಿಯರಿ ಬ್ಯೂಟೈಲ್‌ನಲ್ಲಿ ಮೀಥೈಲ್‌ಗಳ ಮೇಲೆ ಒಂಬತ್ತು ಹೈಡ್ರೋಜನ್ ಇವೆ, ಬುಡದಲ್ಲಿ ಸೊನ್ನೆ. ಅದು ಹಾಗೇ ಉಳಿಯುತ್ತದೆ.

ಒಂದೇ ಅಣುವಿನಲ್ಲಿ ಎರಡೂ ನೋಡಬೇಕೆಂದರೆ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಟಾಲೀನ್ ನೋಡಿ. ಉಂಗುರದ ಒಂದು ತುದಿಯಲ್ಲಿ ಮೀಥೈಲ್, ಎದುರು ತುದಿಯಲ್ಲಿ ಟರ್ಷಿಯರಿ ಬ್ಯೂಟೈಲ್. ಮೀಥೈಲ್ COOH ಆಗುತ್ತದೆ, ಟರ್ಷಿಯರಿ ಬ್ಯೂಟೈಲ್ ಮೈ ಅಲ್ಲಾಡಿಸುವುದಿಲ್ಲ. ಸಿಗುವ ಆಮ್ಲ 165 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಬೆಂಜೋಯಿಕ್ ಆಮ್ಲ 122ಕ್ಕೇ ಕರಗುತ್ತದೆ. ಕರಗುವ ಬಿಂದು ನೋಡಿದರೆ ಯಾವುದು ಸಿಕ್ಕಿತು ಅಂತ ತಿಳಿಯುತ್ತದೆ.

ಕೋಚಿಂಗ್ ಹುಡುಗ:

ಸರಿ ಸರ್. ಆದರೆ ಐಸೊಪ್ರೊಪೈಲ್‌ನಲ್ಲಿ ಇದ್ದ ಒಂದನ್ನು ಕಿತ್ತ ಮೇಲೆ ಬುಡದಲ್ಲಿ OH ಬಂತು. ಈಗ ಅಲ್ಲೂ ಹೈಡ್ರೋಜನ್ ಸೊನ್ನೆ. ಅಲ್ಲೇ ನಿಲ್ಲಬೇಕಲ್ಲ?

ಹಳೇ ಲ್ಯಾಬಿನವರು:

ಒಳ್ಳೇ ಪ್ರಶ್ನೆ. ಒಂದಷ್ಟು ಪಾಲು ಆ ಆಲ್ಕೋಹಾಲ್‌ನಲ್ಲೇ ನಿಂತುಬಿಡುವುದೂ ಉಂಟು. ಮುಂದೆ ಹೋಗಬೇಕಾದರೆ OH ಪಕ್ಕದ ಮೀಥೈಲ್‌ನ ಒಂದು ಹೈಡ್ರೋಜನ್ ಜೊತೆ ನೀರಾಗಿ ಹೊರಡಬೇಕು. ಆಗ ಜೋಡಿಬಂಧ ಉಳಿಯುತ್ತದೆ. ಜೋಡಿಬಂಧ ಕಂಡರೆ ಪರ್ಮಾಂಗನೇಟ್ ಬಿಡುತ್ತದೆಯೇ? ಟರ್ಷಿಯರಿ ಬ್ಯೂಟೈಲ್‌ಗೆ ಆ ಮೊದಲ ಮೆಟ್ಟಿಲೇ ಇಲ್ಲ.

ಆದರೆ ಮೇಡಂ, 'ಎಂದಿಗೂ ಆಗದು' ಅಂತ ಬರೆಯಬೇಡಿ. ತುಂಬಾ ಕಟುವಾಗಿ, ತುಂಬಾ ಹೊತ್ತು ಕಾಡಿದರೆ ಉಂಗುರವೇ ಒಡೆದು ಟರ್ಷಿಯರಿ ಬ್ಯೂಟೈಲ್ ಒಂದು ಆಮ್ಲವಾಗಿ ಉಳಿಯಬಹುದು, ಪಿವಾಲಿಕ್ ಆಮ್ಲ. ಅಲ್ಲಿ ಮನೆ ಬಿದ್ದು ಕಂಬ ಉಳಿಯುತ್ತದೆ. 'ಈ ಕ್ರಮದಲ್ಲಿ ಬದಲಾಗದು' ಅಂದರೆ ಸಾಕು.

ಪಿಯು ಮೇಡಂ:

ಧನ್ಯವಾದ ಸರ್. ಕ್ಲಾಸಿನಲ್ಲಿ ಇದನ್ನು ಮಾಡಿ ತೋರಿಸಿದ್ದೆ. ಟಾಲೀನ್ ಕುದಿಸಿದೆ, ಕಂದು ಬಂತು, ಸೋಸಿದೆ. ಸೋಸಿದ ನೀರು ಬರೀ ತಿಳಿ! ಹರಳೇ ಇಲ್ಲ. ಮಕ್ಕಳು ನಕ್ಕರು. ನನ್ನ ವಾಕ್ಯದಲ್ಲಿ 'ಆಮ್ಲ ಸಿಗುತ್ತದೆ' ಅಂತ ಇದೆ, ಅದೂ ತಪ್ಪಾ?

ಹಳೇ ಲ್ಯಾಬಿನವರು:

ಅರ್ಧ ತಪ್ಪು. ಕ್ಷಾರದಲ್ಲಿ ಸಿಗುವುದು ಉಪ್ಪು.

```
C6H5CH3 + 2 KMnO4 -> C6H5COOK + 2 MnO2 + KOH + H2O
```

ಪೊಟ್ಯಾಸಿಯಂ ಬೆಂಜೋಯೇಟ್ ನೀರಿನಲ್ಲಿ ಕರಗಿಯೇ ಇರುತ್ತದೆ. ತಿಳಿ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಚೆನ್ನಾಗಿ ಹುಳಿ ಮಾಡಿ, ತಣ್ಣಗಾಗಲು ಬಿಟ್ಟಿದ್ದರೆ ಬಿಳಿ ಹರಳು ಬೀಳುತ್ತಿತ್ತು. ಸೋಸಿದ ನೀರಿನಲ್ಲಿ ನೇರಳೆ ಉಳಿದಿದ್ದರೆ ಮೊದಲು ಸ್ವಲ್ಪ ಸೋಡಿಯಂ ಬೈಸಲ್ಫೈಟ್ ಹಾಕಿ ತೆಗೆಯಬೇಕು.

ಲೆಕ್ಕವೂ ನೋಡಿಕೊಳ್ಳಿ. 9.2 ಗ್ರಾಂ ಟಾಲೀನ್‌ಗೆ 31.6 ಗ್ರಾಂ KMnO4 ಬೇಕೇ ಬೇಕು, ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ. ಸಿಗುವ ಆಮ್ಲ ಹೆಚ್ಚೆಂದರೆ 12.2 ಗ್ರಾಂ. ಟಾಲೀನ್ ನೀರಿನಲ್ಲಿ ಬೆರೆಯುವುದಿಲ್ಲ, ಮೇಲೆ ಎಣ್ಣೆಯಂತೆ ತೇಲುತ್ತದೆ. ಕಂಡೆನ್ಸರ್‌ನಿಂದ ಎಣ್ಣೆಹನಿ ಜಾರುವುದು ನಿಲ್ಲುವವರೆಗೆ ಕುದಿಸಬೇಕು. ಪೀರಿಯಡ್ ಮುಗಿಯಿತು ಅಂತ ಇಳಿಸಿದರೆ ಹರಳು ಕಡಿಮೆ.

ಈಥೈಲ್ ಬೆಂಜೀನ್‌ನಿಂದಲೂ ಬರುವುದು ಬೆಂಜೋಯಿಕ್ ಆಮ್ಲವೇ. ಕವಲು ಎಷ್ಟೇ ಉದ್ದ ಇರಲಿ, ಬುಡದ ಕಾರ್ಬನ್ ಮಾತ್ರ ಉಳಿಯುತ್ತದೆ, ಮಿಕ್ಕದ್ದು ಕತ್ತರಿಸಿ ಹೋಗುತ್ತದೆ. ಈಥೈಲ್‌ನಲ್ಲಿ ಹೊರಗಿನ ಕಾರ್ಬನ್ ಕಾರ್ಬೊನೇಟ್ ಆಗುತ್ತದೆ. ಅದಕ್ಕೇ ಒಂದು ಅಣುವಿಗೆ ಎರಡರ ಬದಲು ನಾಲ್ಕು KMnO4 ಖರ್ಚು.

ಅಚ್ಚಗನ್ನಡಿಗ:

ನೋಡಿದಿರಾ, 'ಚೆನ್ನಾಗಿ ಹುಳಿ ಮಾಡಿ' ಅಂತ ಇವರೇ ಬರೆದರು. ಕೈ ಲ್ಯಾಬಿನಲ್ಲಿದ್ದಾಗ ಹುಳಿ, ಪುಸ್ತಕದಲ್ಲಿ ಆಮ್ಲ. ಕವಲು, ಬುಡ ಕೂಡ ಇದೇ ಚರ್ಚೆಯಲ್ಲಿ ಹುಟ್ಟಿದವು. ಇನ್ನು ಉತ್ಕರ್ಷಣ ಒಂದು ಉಳಿದಿದೆ. ಆ ಪದಕ್ಕೆ ಮೇಲಕ್ಕೆ ಎಳೆಯುವುದು ಅಂತ ಅರ್ಥ. ಇಲ್ಲಿ ಯಾರು ಯಾರನ್ನು ಮೇಲಕ್ಕೆ ಎಳೆದರು?

ಪ್ರೂಫ್ ನೋಡುವವ:

ಹಾಗೆ ನೋಡಿದರೆ ಆಕ್ಸಿಜನ್ ಅಂದರೂ 'ಹುಳಿ ಹುಟ್ಟಿಸುವುದು' ಅಂತ. ಲಾವಾಸಿಯೆ ಹಾಗೆ ನಂಬಿ ಇಟ್ಟ ಹೆಸರು, ನಾವು ಅದನ್ನೇ ಆಮ್ಲಜನಕ ಮಾಡಿಕೊಂಡೆವು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ. ಬೇರು ತಪ್ಪಾದರೂ ಪದ ಕೆಲಸ ಮಾಡುತ್ತದೆ. ಮಕ್ಕಳು ಪಠ್ಯದಲ್ಲಿ ನೋಡುವುದು ಉತ್ಕರ್ಷಣ, ಬಾಯಲ್ಲಿ ಹೇಳುವುದು ಆಕ್ಸಿಡೇಷನ್. ಮೂರನೆಯದು ಬೇಡ.

ಅಚ್ಚಗನ್ನಡಿಗ:

ಅರಬ್ಬಿಯಿಂದ ಲ್ಯಾಟಿನ್‌ಗೆ, ಅಲ್ಲಿಂದ ಇಂಗ್ಲಿಷಿಗೆ ಸಾಲ ಹೋದದ್ದು ನಮಗೆ ಪವಿತ್ರ. ನಮ್ಮ ಅಂಗಡಿಯಲ್ಲೇ ಸಿಗುವ ಸಾಂಬ್ರಾಣಿ ಮಾತ್ರ ನಗೆಪಾಟಲು. ಸರಿ, ಬಿಡಿ.

ಹಿತ್ತಲ ಬಾವಿ:

ಸಾಂಬ್ರಾಣಿ ಅನ್ನೋದು ಕನ್ನಡವಾ ಮತ್ತೆ? ಅದೂ ಹಡಗಿನಲ್ಲಿ ಬಂದ ಮಾಲು ಅಲ್ವಾ?

ಪಿಯು ಮೇಡಂ:

ಜಗಳ ಬೇಡ, ಸಮಯ ಇಲ್ಲ. ಹೀಗೆ ಬರೆದಿದ್ದೇನೆ, ನೋಡಿ:

"ಆಲ್ಕೈಲ್ ಬೆಂಜೀನನ್ನು ಕ್ಷಾರೀಯ KMnO4 ಜೊತೆ ಕುದಿಸಿ, ಆಮೇಲೆ ಆಮ್ಲ ಸೇರಿಸಿದರೆ ಬೆಂಜೋಯಿಕ್ ಆಮ್ಲ ಸಿಗುತ್ತದೆ. ಕವಲಿನ ಉದ್ದ ಎಷ್ಟಿದ್ದರೂ ಉಂಗುರಕ್ಕೆ ಅಂಟಿದ ಬುಡದ ಕಾರ್ಬನ್ ಮಾತ್ರ ಉಳಿಯುತ್ತದೆ. ಬುಡದ ಕಾರ್ಬನ್ನಿನ ಮೇಲೆ ಒಂದಾದರೂ ಹೈಡ್ರೋಜನ್ (ಬೆಂಜೈಲಿಕ್ ಹೈಡ್ರೋಜನ್) ಇರಬೇಕು. ಇಲ್ಲದಿದ್ದರೆ ಈ ಕ್ರಮದಲ್ಲಿ ಕವಲು ಬದಲಾಗದು."

ಪ್ರೂಫ್ ನೋಡುವವ:

'ಬುಡದ ಹೈಡ್ರೋಜನ್' ಅಂತ ಚಿಕ್ಕದು ಮಾಡಲು ಹೋಗದೆ 'ಬುಡದ ಕಾರ್ಬನ್ನಿನ ಮೇಲೆ' ಅಂತ ಉಳಿಸಿದ್ದೀರಿ, ಒಳ್ಳೇದಾಯ್ತು. ಕಾಮಾ ಒಂದು ಜಾಸ್ತಿ ಇದೆ.

ಅಚ್ಚಗನ್ನಡಿಗ:

'ಆಮ್ಲ' ಇನ್ನೂ ಎರಡು ಕಡೆ ಇದೆ.

ಹಳೇ ಲ್ಯಾಬಿನವರು:

ಇರಲಿ ಬಿಡಿ. ಮೇಡಂ, ಮುಂದಿನ ಸಲ ತೋರಿಸುವಾಗ ಮೂರು ಫ್ಲಾಸ್ಕ್ ಇಡಿ: ಟಾಲೀನ್, ಟರ್ಷಿಯರಿ ಬ್ಯೂಟೈಲ್ ಬೆಂಜೀನ್, ಮತ್ತೆ ಬರೀ ನೀರು. ಮೂರಕ್ಕೂ ಒಂದೇ ಪರ್ಮಾಂಗನೇಟ್ ದ್ರಾವಣ. ಕುದಿಸಿದರೆ ಬರೀ ನೀರಿನದೂ ನಿಧಾನವಾಗಿ ಸ್ವಲ್ಪ ಕಂದು ತಿರುಗಬಹುದು, ಅದಕ್ಕೇ ಮೂರನೆಯದು. ಫ್ಲಾಸ್ಕನ್ನು ಆಲ್ಕೋಹಾಲ್‌ನಲ್ಲಿ ತೊಳೆದಿದ್ದರೆ ಪೂರ್ತಿ ಒಣಗಿಸಿ. ಇಲ್ಲದಿದ್ದರೆ ಟರ್ಷಿಯರಿ ಬ್ಯೂಟೈಲ್‌ನ ಫ್ಲಾಸ್ಕ್ ಕೂಡ ಕಂದಾಗುತ್ತದೆ, ಆ ಹುಡುಗ ಮತ್ತೆ ಎದ್ದು ನಿಲ್ಲುತ್ತಾನೆ.