ಪದಚರ್ಚೆ: ‘ಎರಚಲು’, ‘ಕೈಯಾಡಿಸು’ – ಮನೆ ಮಾಲೀಕರಿಗೆ ಬರೆಯುವ ಪತ್ರದಲ್ಲಿ ಹೇಗೆ?

ಎಲ್ಲರಿಗೂ ನಮಸ್ಕಾರ.

ನಮ್ಮ ಚಿಕ್ಕಮ್ಮ ತೀರ್ಥಹಳ್ಳಿ ಹತ್ತಿರ ಹಳೇ ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದಾರೆ. ರಿಪೇರಿ ಮಾಡಿಸಿಕೊಡಿ ಅಂತ ಮಾಲೀಕರಿಗೆ ಪತ್ರ ಬರೆದುಕೊಡು ಎಂದು ವಾಯ್ಸ್ ನೋಟ್ ಕಳಿಸಿದ್ದರು. ಅದನ್ನು ಫೋನಿನಲ್ಲೇ ಅಕ್ಷರಕ್ಕೆ ಇಳಿಸಿದೆ. ಹಸು ಕರು ಹಾಕಿದ್ದು, ಮಾಲೀಕರ ಮಗಳ ಮದುವೆ, ಇದನ್ನೆಲ್ಲ ತೆಗೆದ ಮೇಲೆ ಉಳಿದದ್ದು ಇಷ್ಟು:

“ಅಡಿಗೆಮನೇಲಿ ಸೋರ್ತದೆ ಮಾರಾಯ್ತಿ, ಒಲೆ ಮೇಲೇ ತೊಟ್ಟಿಕ್ತದೆ. ಜಗಲೀಲಿ ಎರಚಲು, ಕೂರೂಕಾಗಲ್ಲ. ಬಚ್ಚಲ ಗೋಡೆ ಪೂರಾ ಥಂಡಿ, ಮುಟ್ಟಿದ್ರೆ ಮಣ್ಣು ಉದುರ್ತದೆ. ಹೆಂಚು ಕೈಯಾಡಿಸಿ ಅಂತ ಶಿವರಾತ್ರಿ ಆದ್ಮೇಲೇ ಹೇಳಿದ್ದೆ, ಹೂಂ ಅಂದಿದ್ರು. ಆರಿದ್ರೆ ಮಳೆ ಹಿಡೀತು, ಯಾರೂ ಬರಲಿಲ್ಲ. ರೂಪಿಗೆ ವರ್ಷ ಹಿಡಿದದೆ ಅಂತೆ.”

ನಾನು ಬರೆದದ್ದು: “ಮನೆಯ ಹಲವೆಡೆ ಮಳೆನೀರು ಸೋರಿಕೆಯಾಗುತ್ತಿದ್ದು, ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.” ಇಷ್ಟು ಸಾಕಾ? ಎರಚಲು, ಕೈಯಾಡಿಸು ಇವಕ್ಕೆ ಬರವಣಿಗೆಯ ಪದ ಏನು? ಕೊನೇ ಸಾಲಂತೂ ಅರ್ಥವೇ ಆಗಲಿಲ್ಲ.

ಶಿವಮೊಗ್ಗದಿಂದ ಒಬ್ಬರು:

ನಮ್ಮ ಫ್ಲಾಟಿನಲ್ಲೂ ಇದೇ ಗೋಳು. ಮೇಲಿನ ಮನೆಯವರ ಬಾತ್‌ರೂಮಿನಿಂದ ನೀರು ಇಳಿಯುತ್ತದೆ. ಪತ್ರ ಗಿತ್ರ ಬಿಡಿ, ಒಳ್ಳೇ ವಾಟರ್‌ಪ್ರೂಫಿಂಗ್‌ನವರು ಯಾರಾದರೂ ಗೊತ್ತಿದ್ದರೆ ನನಗೂ ಹೇಳಿ.

ಭದ್ರಾವತಿಯಿಂದ:

‘ರಿಪೇರಿ’ ಇಂಗ್ಲಿಷು, ‘ದುರಸ್ತಿ’ ಅಂತ ಅಚ್ಚ ಕನ್ನಡದಲ್ಲಿ ಬರೆಯಿರಿ. ಇನ್ನೊಂದು ವಿಷಯ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಇದೆ. ಮಾಲೀಕರು ಮಾಡಿಸದಿದ್ದರೆ ನಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅದನ್ನೇ ಖಡಕ್ಕಾಗಿ ಬರೆದುಬಿಡಿ.

ಸಾಗರದಿಂದ, ಹಿಂದೆ ಕೋರ್ಟಿನ ಹತ್ತಿರ ಅರ್ಜಿ ಬರೆಯುತ್ತಿದ್ದವನು:

ದುರಸ್ತಿಯೂ ಪಾರಸಿಯಿಂದ ಬಂದದ್ದೇ ಸ್ವಾಮಿ. ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ಕೊನೇ ಸಾಲು “ರೀಪಿಗೆ ವರಲೆ ಹಿಡಿದದೆ” ಅಂತ ಇರಬೇಕು. ಫೋನಿಗೆ ರೀಪೂ ಗೊತ್ತಿಲ್ಲ, ವರಲೆಯೂ ಗೊತ್ತಿಲ್ಲ. ಇಡೀ ಕಂತೆಯಲ್ಲಿ ದೊಡ್ಡ ಖರ್ಚಿನ ಮಾತು ಅದೇ. ಹೆಂಚಿನ ಹಿಂದಿನ ಕೊಕ್ಕೆ ಕೂರುವುದು ರೀಪಿನ ಮೇಲೆ. ರೀಪು ಗೆದ್ದಲು ತಿಂದು ಟೊಳ್ಳಾಗಿದ್ದರೆ ಎಷ್ಟು ಹೆಂಚು ಬದಲಿಸಿದರೂ ಮತ್ತೆ ಜಾರುತ್ತದೆ. ಆದರೆ ಚಿಕ್ಕಮ್ಮ ‘ಅಂತೆ’ ಅಂದಿದ್ದಾರೆ. ಹೇಳಿದ್ದು ಯಾರು? ಬಡಗಿ ನೋಡಿ ಹೇಳಿದ್ದರೆ ಹಾಗೇ ಬರೆಯಿರಿ. ಇಲ್ಲದಿದ್ದರೆ “ಗೆದ್ದಲು ಹಿಡಿದಂತೆ ಕಾಣುತ್ತದೆ, ಪರಿಶೀಲಿಸಬೇಕು” ಸಾಕು.

ಇನ್ನು ನಿಮ್ಮ ‘ಸೋರಿಕೆ’. ಚಿಕ್ಕಮ್ಮ ಮೂರು ಬೇರೆ ಬೇರೆ ನೀರು ಹೇಳಿದ್ದಾರೆ, ನೀವು ಒಂದೇ ಮಾಡಿದ್ದೀರಿ. ಅಡಿಗೆಮನೆಯದು ಮೇಲಿಂದ ಬರುವುದು. ಹೆಂಚು ಒಡೆದಿದೆ ಇಲ್ಲಾ ಸರಿದಿದೆ. ಎರಚಲು ಗಾಳಿಗೆ ಪಕ್ಕದಿಂದ ಹೊಡೆಯುವುದು, ಅದಕ್ಕೆ ಹೆಂಚು ಮುಟ್ಟಿ ಪ್ರಯೋಜನವಿಲ್ಲ. ತಟ್ಟಿಯೋ ಶೀಟೋ ಕಟ್ಟಿಸಬೇಕು. ಬಚ್ಚಲ ಗೋಡೆಯ ಥಂಡಿ ಕೆಳಗಿನಿಂದ ಏರಿದೆಯೋ ಮೇಲಿನಿಂದ ಇಳಿದಿದೆಯೋ ಕೇಳಿ. ಬೇಸಿಗೆಯಲ್ಲೂ ಒದ್ದೆ ಇತ್ತು ಅಂದರೆ ಮಳೆಯ ತಪ್ಪಲ್ಲ, ಪೈಪನ್ನೋ ಬಚ್ಚಲ ನೀರು ಹೋಗುವ ದಾರಿಯನ್ನೋ ನೋಡಿಸಬೇಕು. ಬರೀ ಸೋರಿಕೆ ಅಂತ ಬರೆದರೆ ಆಳು ಬಂದು ನಾಲ್ಕು ಹೆಂಚು ಬದಲಿಸಿ ಹೋಗುತ್ತಾನೆ. ಮಾಲೀಕರು ಮುಗಿಯಿತು ಅಂತಾರೆ.

ಆರಿದ್ರೆ ಮಳೆ ಅಂದರೆ ಜೂನ್ 21–22ರಿಂದ ಜುಲೈ ಮೊದಲ ವಾರ. ಮಳೆಯ ಹೆಸರು ಇರಲಿ, ಪಕ್ಕದಲ್ಲಿ ತಾರೀಕೂ ಇರಲಿ. ಶಿವರಾತ್ರಿಯ ಮಾತಿಗೂ ಹಾಗೇ.

108ರ ಮಾತು ಅರ್ಧ ಸರಿ. ಮಾಲೀಕರು ಮಾಡಿಸಲೇಬೇಕಾದ ರಿಪೇರಿಗೆ ಮಾತ್ರ ಅದು, ಅದೂ ತಿಳಿಸಿ ತಕ್ಕಷ್ಟು ಸಮಯ ಕೊಟ್ಟ ಮೇಲೆ. ಮಾಡಿಸಲೇಬೇಕಾದದ್ದು ಯಾವುದು ಅಂತ ಕರಾರು ಪತ್ರದಲ್ಲಿ ನೋಡಬೇಕು. ಮೊದಲ ಪತ್ರದಲ್ಲೇ ಕಾನೂನು ತೋರಿಸಬೇಡಿ. ನಾನಾದರೆ ಹೀಗೆ ಬರೆಯುತ್ತೇನೆ:

“ಅಡಿಗೆಮನೆಯಲ್ಲಿ ಒಲೆಯ ಮೇಲ್ಭಾಗದ ಹೆಂಚಿನಿಂದ ನೀರು ಸೋರುತ್ತಿದೆ. ಹೆಂಚು ಕೈಯಾಡಿಸಿಕೊಡಿ ಎಂದು ಮಾರ್ಚ್ ತಿಂಗಳಲ್ಲಿ ತಮಗೆ ತಿಳಿಸಿದ್ದೆ, ತಾವೂ ಒಪ್ಪಿದ್ದಿರಿ. ಸದ್ಯಕ್ಕೆ ಆ ಭಾಗಕ್ಕೆ ಟಾರ್ಪಾಲು ಹೊದಿಸಿಕೊಡಬೇಕು. ಮಳೆ ಹೊಳವಾದ ಕೂಡಲೇ ರೀಪುಗಳನ್ನು ಪರಿಶೀಲಿಸಿ, ಹೆಂಚು ಕೈಯಾಡಿಸಿಕೊಡಬೇಕು. ಕೆಲಸದವರು ಬರುವ ದಿನವನ್ನು ಈ ತಿಂಗಳ 20ರ ಒಳಗೆ ತಿಳಿಸಬೇಕಾಗಿ ಕೋರುತ್ತೇನೆ.”

ಜಗಲಿಗೆ ಒಂದು ಪ್ಯಾರಾ, ಬಚ್ಚಲಿಗೆ ಒಂದು. ಪ್ರತಿ ಇಟ್ಟುಕೊಳ್ಳಿ.

ಭದ್ರಾವತಿಯಿಂದ, ಮತ್ತೆ:

‘ಕೈಯಾಡಿಸು’ ಅಂದರೆ ಅನ್ನದ ಪಾತ್ರೆಗೆ ಕೈ ಹಾಕಿದ ಹಾಗೆ ಕೇಳುತ್ತದೆ. “ಹೆಂಚುಗಳನ್ನು ತೆಗೆದು ಮರುಜೋಡಿಸುವುದು” ಅಂತ ಬರೆದರೆ ಬಯಲುಸೀಮೆಯವರಿಗೂ ಅರ್ಥ ಆಗುತ್ತದೆ.

ಸಾಗರದಿಂದ:

ಪತ್ರ ಓದುವವರು ಮಲೆನಾಡಿನ ಮಾಲೀಕರು, ಬಯಲುಸೀಮೆಯವರಲ್ಲ. ಮರುಜೋಡಿಸುವುದು ಅಂದರೆ ಪೂರ್ತಿ ಮಾಡು ಬಿಚ್ಚಬೇಕೇನೋ ಅಂತ ಹೆದರಿಯಾರು. ನನ್ನ ಮತ ಕೈಯಾಡಿಸುವುದಕ್ಕೇ.

ಕೇಳಿದವಳು:

ಚಿಕ್ಕಮ್ಮನನ್ನು ಕೇಳಿದೆ. ವರಲೆ ವಿಷಯ ಹೇಳಿದ್ದು ಪಕ್ಕದ ಮನೆಯವರಂತೆ, ಬಡಗಿ ಅಲ್ಲ. ಹಾಗಾಗಿ ‘ಕಾಣುತ್ತದೆ’ ಅಂತಲೇ ಹಾಕುತ್ತೇನೆ. ಬಚ್ಚಲ ಗೋಡೆ ಬೇಸಿಗೆಯಲ್ಲೂ ಒಣಗಿರಲಿಲ್ಲವಂತೆ, ಅದಕ್ಕೆ ಬೇರೆ ಪ್ಯಾರಾ ಬರೆದೆ. ‘ತಾವು’ ಬೇಡ, ಮಾಲೀಕರು ಎದುರು ಸಿಕ್ಕರೆ ‘ನೀವು’ ಅಂತಲೇ ಮಾತಾಡೋದು, ಪತ್ರದಲ್ಲಿ ತಾವು ಅಂದರೆ ಜಗಳಕ್ಕೆ ನಿಂತ ಹಾಗಾಗುತ್ತದೆ ಅಂತಾರೆ ಚಿಕ್ಕಮ್ಮ. ಇದಕ್ಕೆ ಏನು ಹೇಳುತ್ತೀರಿ?