ಯಾರೂ ಬಳಸುತ್ತಿಲ್ಲ, ಆದರೂ ಎಕ್ಸೆಲ್ ಫೈಲ್ ಲಾಕ್ ಆಗಿದೆ ಅನ್ನುತ್ತದೆ (ಸಾಂಬಾ ಶೇರ್)

ಲೆಕ್ಕದಪುಸ್ತಕ: ನಾವು ಆರು ಜನ ಒಂದೇ `stock.xlsx` ಬಳಸುತ್ತೇವೆ, ಲಿನಕ್ಸ್ ಸರ್ವರ್‌ನ ಸಾಂಬಾ ಶೇರ್‌ನಲ್ಲಿ. ಒಬ್ಬರು ಫೈಲ್ ತೆರೆದಿಟ್ಟೇ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋದರು. ಈಗ ಯಾರು ತೆರೆದರೂ ಅರ್ಧ ನಿಮಿಷ ಸುಮ್ನೆ ಸುತ್ತುತ್ತದೆ, ಆಮೇಲೆ ಅವರ ಹೆಸರು ಹೇಳಿ ಲಾಕ್ ಆಗಿದೆ ಅನ್ನುತ್ತದೆ. `~$stock.xlsx` ಅಳಿಸಿದೆ, ಉಪಯೋಗ ಆಗಲಿಲ್ಲ.

ಗಂಟು_೭: `oplocks = no` ಹಾಕಿ, ಮುಗೀತು. ನಾವು ಹಾಗೇ ಮಾಡಿದ್ದು.

ನೀಲಿಪೆನ್: ನನಗೂ ಹೀಗೇ ಆಗಿತ್ತು! `.~lock.stock.xlsx#` ಅಂತ ಒಂದು ಫೈಲ್ ಇರುತ್ತದೆ, ಅದನ್ನು ಅಳಿಸಿದ ಕೂಡಲೇ ತೆರೆಯಿತು.

ಹಳೆಸರ್ವರ್: ನೀಲಿಪೆನ್, ಅದು ಲಿಬ್ರೆಆಫೀಸ್‌ನದು, ಅದು ಆ ಫೈಲ್ ನೋಡಿಯೇ ಎಚ್ಚರಿಸುತ್ತದೆ. ಎಕ್ಸೆಲ್‌ನ `~$` ಫೈಲ್‌ನಲ್ಲಿ ಇರುವುದು ಬರೀ ಹೆಸರು. ನಿಜವಾದ ಲಾಕ್ ಸರ್ವರ್ ಹತ್ತಿರ ಇದೆ. ಎಕ್ಸೆಲ್ ಫೈಲ್ ತೆರೆಯುವಾಗಲೇ "ಬೇರೆಯವರು ಬರೆಯಬಾರದು" ಅಂತ ಕೇಳಿಕೊಂಡಿರುತ್ತದೆ. ಇದನ್ನು ಓಡಿಸಿ ನೋಡಿ:

```
smbstatus -L
```

ಆ ಫೈಲ್‌ನ ಸಾಲಿನಲ್ಲಿ `DENY_WRITE` ಕಂಡರೆ ಅದೇ ಲಾಕ್. ಆಪ್‌ಲಾಕ್ ಬೇರೆ. ಅದು ಫೈಲನ್ನು ತನ್ನಲ್ಲೇ ಕ್ಯಾಶ್ ಮಾಡಿಕೊಳ್ಳಲು ಆ ಲ್ಯಾಪ್‌ಟಾಪ್‌ಗೆ ಸರ್ವರ್ ಕೊಟ್ಟ ಅನುಮತಿ. ಎರಡನೆಯವರು ಬಂದಾಗ ಸರ್ವರ್ ಆ ಅನುಮತಿ ವಾಪಸ್ ಕೇಳುತ್ತದೆ. ಲ್ಯಾಪ್‌ಟಾಪ್ ನಿದ್ದೆಯಲ್ಲಿದ್ದರೆ ಉತ್ತರ ಬರೋದಿಲ್ಲ, ಸಾಂಬಾ 30 ಸೆಕೆಂಡ್ ಕಾದು ಕೈಬಿಡುತ್ತದೆ. ನಿಮ್ಮ ಅರ್ಧ ನಿಮಿಷ ಅಲ್ಲಿಂದ ಬಂದದ್ದು. ಆದರೆ ಫೈಲ್ ಇನ್ನೂ ತೆರೆದೇ ಇದೆ ಅಲ್ವಾ, ಹಾಗಾಗಿ ಕಾದ ಮೇಲೂ ಲಾಕ್ ಅಂತಲೇ ಹೇಳುತ್ತದೆ. ಗಂಟು, ನಿಮ್ಮ ಸಾಲು ಹಾಕಿದರೆ ಕಾಯುವುದು ತಪ್ಪುತ್ತದೆ, ಲಾಕ್ ತಪ್ಪೋದಿಲ್ಲ. ಮೇಲಾಗಿ ವೈಫೈ ಒಂದು ಕ್ಷಣ ಹೋಗಿ ಬಂದಾಗ ತೆರೆದ ಫೈಲನ್ನು ಹಾಗೇ ಉಳಿಸಿಕೊಳ್ಳುವ ಅನುಕೂಲವೂ ಹೋಗುತ್ತದೆ, ಅದು ಆಪ್‌ಲಾಕ್ ಮೇಲೆಯೇ ನಿಂತಿರುವುದು.

ಲೆಕ್ಕದಪುಸ್ತಕ: ಸಿಕ್ಕಿತು ಸರ್.

```
4127  1004  DENY_WRITE  ...  LEASE(RWH)  /srv/lekka  stock.xlsx
```

ಅವರು ಫೋನ್ ಎತ್ತುತ್ತಿಲ್ಲ. ಏನು ಮಾಡಲಿ?

ಹಳೆಸರ್ವರ್: `kill 4127`. ಸಾಲಿನ ಮೊದಲ ಅಂಕಿ ಆ ಲ್ಯಾಪ್‌ಟಾಪ್‌ಗಾಗಿ ಸರ್ವರ್‌ನಲ್ಲಿ ಓಡುತ್ತಿರುವ ಸಾಂಬಾ ಪ್ರೊಸೆಸ್‌ನದು, ಅದನ್ನು ನಿಲ್ಲಿಸಿದರೆ ಆ ಲ್ಯಾಪ್‌ಟಾಪ್ ತೆರೆದಿರುವ ಬೇರೆ ಫೈಲುಗಳ ಸಂಪರ್ಕವೂ ಹೋಗುತ್ತದೆ, ಅದನ್ನು ಮೊದಲು ಪಟ್ಟಿಯಲ್ಲಿ ನೋಡಿಕೊಳ್ಳಿ. ಅವರು ಉಳಿಸದ ತಿದ್ದುಪಡಿ ಅವರ ಪರದೆ ಮೇಲೇ ಇರುತ್ತದೆ. ವಾಪಸ್ ಬಂದವರು ಅದನ್ನು ಬೇರೆ ಹೆಸರಿನಲ್ಲಿ ಉಳಿಸಲಿ. ಅದೇ ಹೆಸರಿಗೆ ಉಳಿಸಿದರೆ ನಡುವೆ ನೀವು ಮಾಡಿದ ಕೆಲಸ ಅಳಿಸಿಹೋಗಬಹುದು, ದಯವಿಟ್ಟು ಇದನ್ನು ಮೊದಲೇ ಅವರಿಗೆ ತಿಳಿಸಿ.

ಲೆಕ್ಕದಪುಸ್ತಕ: ತಕ್ಷಣ ತೆರೆಯಿತು. ತುಂಬಾ ಥ್ಯಾಂಕ್ಸ್. ಅವರಿಗೆ ಮೆಸೇಜ್ ಹಾಕಿದ್ದೇನೆ.

ಗಂಟು_೭: ಲಾಕ್ ಬಗ್ಗೆ ಒಪ್ಪಿದೆ. ಆದರೆ ನಮ್ಮಲ್ಲಿ ಅದೇ ಫೈಲನ್ನು ಸರ್ವರ್ ಮೇಲೇ ಒಂದು ಸ್ಕ್ರಿಪ್ಟ್ ಓದುತ್ತದೆ, ಆಪ್‌ಲಾಕ್ ಇದ್ದಾಗ ಹಳೆಯ ಅಂಕಿ ಬರುತ್ತಿತ್ತು.

ಹಳೆಸರ್ವರ್: ಸ್ಕ್ರಿಪ್ಟ್ ಸಾಂಬಾ ಮೂಲಕ ಬರೋದಿಲ್ಲವಲ್ಲ, ಹಾಗಾಗಿ ಅನುಮತಿ ವಾಪಸ್ ಕೇಳಬೇಕು ಅಂತ ಸಾಂಬಾಗೆ ಗೊತ್ತಾಗೋದಿಲ್ಲ. `kernel oplocks = yes` ಇರುವುದು ಅದಕ್ಕೇ, ಆದರೆ ಅದನ್ನು ಹಾಕಿದರೂ ವೈಫೈ ಅನುಕೂಲ ಹೋಗುತ್ತದೆ. ಇಲ್ಲದಿದ್ದರೆ ಸ್ಕ್ರಿಪ್ಟ್ ಕೂಡ ಶೇರ್ ಮೂಲಕವೇ ಓದಲಿ. ನಿಮ್ಮಲ್ಲಿ ವೈಫೈ ಎಷ್ಟು ಸಲ ಬೀಳುತ್ತದೆ?